ಆರಂಕಿಯ ಕೋಡ್ ಕೇಳುವವರು: ಕೈತಪ್ಪಿದ ವಾಟ್ಸಾಪ್ ಖಾತೆಯನ್ನು ಮರಳಿ ಪಡೆಯುವ ಬಗೆ

(ಕಲಬುರಗಿಯಲ್ಲಿ ನಿವೃತ್ತ ಶಿಕ್ಷಕರು, ತೊಗರಿ ವ್ಯಾಪಾರಿಗಳು ಮತ್ತು ಸ್ವಸಹಾಯ ಸಂಘದ ಸದಸ್ಯೆಯರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಗೌರವಾನ್ವಿತರೇ,

ಮೊಬೈಲ್ ಮೋಸಗಳೆಂದರೆ ಇಂದು ಒಂದೆರಡಲ್ಲ. ಅವೆಲ್ಲವನ್ನೂ ಒಂದೇ ಮಾತಿನಲ್ಲಿ ಮುಗಿಸಲು ಹೋದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಆದ್ದರಿಂದ ನಾನು ಒಂದೇ ಒಂದು ಮೋಸವನ್ನು ಎತ್ತಿಕೊಳ್ಳುತ್ತೇನೆ. ಪರಿಚಯದವರ ನಂಬರಿನಿಂದಲೇ ಸಂದೇಶ ಬರುತ್ತದೆ, ನಿಮ್ಮ ಮೊಬೈಲಿಗೆ ಬಂದ ಆರು ಅಂಕಿಗಳ ಕೋಡ್ ಕಳುಹಿಸಿ ಎನ್ನುತ್ತದೆ, ಕಳುಹಿಸಿದ ಕೆಲವೇ ನಿಮಿಷಗಳಲ್ಲಿ ನಿಮ್ಮ ವಾಟ್ಸಾಪ್ ನಿಮ್ಮ ಕೈಯಲ್ಲಿರುವುದಿಲ್ಲ. ಇದನ್ನು ಗುರುತಿಸುವುದು ಹೇಗೆ ಎಂಬುದಕ್ಕಿಂತ, ಹೋದದ್ದನ್ನು ಮರಳಿ ಪಡೆಯುವುದು ಹೇಗೆ ಎಂಬುದಕ್ಕೆ ಹೆಚ್ಚು ಸಮಯ ಕೊಡುತ್ತೇನೆ. ಏಕೆಂದರೆ ಈ ಖಾತೆಯನ್ನು ಮರಳಿ ಪಡೆಯಲು ಬೇಕಾದ ಮುಖ್ಯ ವಸ್ತು, ಅಂದರೆ ಸಿಮ್ ಕಾರ್ಡ್, ಕಳೆದುಕೊಂಡವರ ಮೊಬೈಲಿನಲ್ಲಿಯೇ ಇರುತ್ತದೆ. ಅದು ತಿಳಿಯದೆ ಜನರು ಮೊದಲ ಒಂದೆರಡು ತಾಸನ್ನು ಸುಮ್ಮನೆ ಕಳೆಯುತ್ತಾರೆ.

ಒಂದು ಪ್ರಕರಣವನ್ನು ಮುಂದಿಟ್ಟುಕೊಂಡು ಹೋಗೋಣ. ಇದು ಯಾವ ಒಬ್ಬರ ಕಥೆಯೂ ಅಲ್ಲ; ಬೇರೆ ಬೇರೆ ಕಡೆ ಮತ್ತೆ ಮತ್ತೆ ನಡೆಯುವುದನ್ನು ಒಂದುಗೂಡಿಸಿ ಹೇಳುತ್ತಿದ್ದೇನೆ. ಕಲಬುರಗಿಯಲ್ಲಿ ನೆಲೆಸಿರುವ ನಿವೃತ್ತ ಮುಖ್ಯ ಗುರುಗಳೊಬ್ಬರು, ಅವರ ಅಕ್ಕನ ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಒಂದು ಬೆಳಿಗ್ಗೆ ಗುರುಗಳ ಮೊಬೈಲಿಗೆ ಒಂದು ಎಸ್ಎಂಎಸ್ ಬರುತ್ತದೆ. ಅದರಲ್ಲಿ ವಾಟ್ಸಾಪ್ ಕೋಡ್ ಎಂಬ ಹೆಸರು, ಮೂರು ಮೂರು ಅಂಕಿಗಳಾಗಿ ಒಡೆದು ಬರೆದ ಒಂದು ಸಂಖ್ಯೆ, ಮತ್ತು ಈ ಕೋಡನ್ನು ಯಾರಿಗೂ ಕೊಡಬೇಡಿ ಎಂಬ ಇಂಗ್ಲಿಷ್ ವಾಕ್ಯ ಇರುತ್ತದೆ. ಅದರ ಬೆನ್ನಿಗೇ ಅಕ್ಕನ ಮಗನ ನಂಬರಿನಿಂದ, ಅವನದೇ ಫೋಟೋ ಇರುವ ಖಾತೆಯಿಂದ, ವಾಟ್ಸಾಪಿನಲ್ಲಿ ಹೀಗೊಂದು ಸಂದೇಶ: "ಹಲೋ ಅಂಕಲ್, ನಾನು ತಪ್ಪಾಗಿ ನಿಮ್ಮ ಮೊಬೈಲ್‌ಗೆ 6 ಅಂಕಿಯ ಕೋಡ್ ಅನ್ನು ಕಳುಹಿಸಿದ್ದೇನೆ. ದಯವಿಟ್ಟು ಅದನ್ನು ನನಗೆ ಕಳುಹಿಸಬಹುದೇ? ಇದು ತುರ್ತು." ಗುರುಗಳು ಕಳುಹಿಸುತ್ತಾರೆ. ಪರೀಕ್ಷೆಯದೋ, ಕೆಲಸದ ಅರ್ಜಿಯದೋ ಇರಬೇಕು, ಹುಡುಗನ ಕೆಲಸ ನಿಲ್ಲಬಾರದು ಎಂಬ ಕಾಳಜಿ ಅವರದು.

ಇಲ್ಲಿ ನಿಜವಾಗಿ ನಡೆದದ್ದೇನು? ವಾಟ್ಸಾಪಿಗೆ ಪಾಸ್‌ವರ್ಡ್ ಇಲ್ಲ. ನಿಮ್ಮ ಮೊಬೈಲ್ ನಂಬರೇ ನಿಮ್ಮ ಖಾತೆ. ಹೊಸ ಫೋನ್ ಕೊಂಡಾಗ ಅದರಲ್ಲಿ ವಾಟ್ಸಾಪ್ ಹಾಕಿಕೊಂಡು ನಂಬರ್ ಕೊಟ್ಟರೆ, ಆ ನಂಬರಿನ ಸಿಮ್ ಇರುವ ಫೋನಿಗೆ ಆರು ಅಂಕಿಗಳ ಕೋಡ್ ಬರುತ್ತದೆ, ಅದನ್ನು ತುಂಬಿದರೆ ಖಾತೆ ಹೊಸ ಫೋನಿಗೆ ಹೋಗುತ್ತದೆ, ಹಳೆಯದರಲ್ಲಿ ಮುಚ್ಚಿಕೊಳ್ಳುತ್ತದೆ. ಇದು ಎಲ್ಲರೂ ಮಾಡುವ ನ್ಯಾಯವಾದ ಕೆಲಸ. ಮೋಸಗಾರನು ಮಾಡಿದ್ದೂ ಇದನ್ನೇ: ತನ್ನ ಫೋನಿನಲ್ಲಿ ಗುರುಗಳ ನಂಬರನ್ನು ಬರೆದ, ಕೋಡ್ ಗುರುಗಳಿಗೆ ಹೋಯಿತು, ಅದನ್ನು ಅವರಿಂದಲೇ ಕೇಳಿ ಪಡೆದ. ಅಕ್ಕನ ಮಗನ ಖಾತೆ ಹಿಂದಿನ ದಿನವೇ ಇದೇ ರೀತಿಯಲ್ಲಿ ಅವನ ವಶವಾಗಿತ್ತು. ಹಾಗಾಗಿ ಸಂದೇಶ ಬಂದ ನಂಬರು ಸುಳ್ಳಲ್ಲ, ಫೋಟೋ ಸುಳ್ಳಲ್ಲ, ಬರೆದವನು ಮಾತ್ರ ಬೇರೆ.

ತಪ್ಪಾಗಿ ಕೋಡ್ ಕಳುಹಿಸಿದ್ದೇನೆ ಎಂಬ ಮಾತನ್ನು ಸ್ವಲ್ಪ ನಿಂತು ಪರಿಶೀಲಿಸಬೇಕು, ಏಕೆಂದರೆ ಇಡೀ ಮೋಸ ಅದರ ಮೇಲೆ ನಿಂತಿದೆ. ಒಬ್ಬನ ಖಾತೆಗೆ ಸಂಬಂಧಿಸಿದ ಕೋಡ್ ಇನ್ನೊಬ್ಬನ ನಂಬರಿಗೆ ದಾರಿ ತಪ್ಪಿ ಬರುವುದಿಲ್ಲ. ನಿಮ್ಮ ನಂಬರಿಗೆ ಕೋಡ್ ಬಂದಿದೆ ಎಂದರೆ, ಯಾರೋ ನಿಮ್ಮ ನಂಬರನ್ನೇ ಬರೆದಿದ್ದಾರೆ, ಆದ್ದರಿಂದ ಅದು ನಿಮ್ಮ ಖಾತೆಯದೇ ಕೋಡ್. ಯಾರೋ ಒಂದು ಅಂಕಿ ತಪ್ಪಾಗಿ ಒತ್ತಿ ನಿಮ್ಮ ನಂಬರನ್ನು ಬರೆದಿದ್ದರೂ, ಆ ಕೋಡಿನಿಂದ ಅವರಿಗೆ ಸಿಗುವುದು ನಿಮ್ಮ ಖಾತೆಯೇ ಹೊರತು ಅವರದಲ್ಲ. ಪ್ರಾಮಾಣಿಕನಾದವನಿಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಕೇಳಿದವನು ನಿಜವಾಗಿಯೂ ಅಕ್ಕನ ಮಗನೇ ಆಗಿದ್ದರೂ ಕೊಡಬೇಕಾದ ಕಾರಣವಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಗುರುತಿಸಲು ಇನ್ನೊಂದು ಸುಳಿವಿದೆ. ಅದು ನಮ್ಮ ಕಡೆಯವರಿಗೆ ವಿಶೇಷವಾಗಿ ಅನುಕೂಲವಾದದ್ದು. ನಮ್ಮ ಹುಡುಗರು ಸೋದರಮಾವನಿಗೆ ಅಂಕಲ್ ಎಂದು ಬರೆಯುವುದಿಲ್ಲ, ಕೋಡ್ ಅನ್ನು ಕಳುಹಿಸಬಹುದೇ ಎಂದಂತೂ ಬರೆಯುವುದೇ ಇಲ್ಲ. "ಮಾಮಾ, ಒಂದ್ ಕೋಡ್ ಬಂದದ ನೋಡ್ರಿ, ಜರಾ ಲಗೂನ ಕಳಸ್ರಿ" ಎಂದು ಬರೆಯುತ್ತಾರೆ, ಅದೂ ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳಲ್ಲಿ. ಮನೆಯಲ್ಲಿ ಹೀಗೆ ಮಾತನಾಡುವವರಿಂದ ಇದ್ದಕ್ಕಿದ್ದಂತೆ ಪಠ್ಯಪುಸ್ತಕದ ಕನ್ನಡವೋ ಹಿಂದಿಯೋ ಬಂದರೆ ಅನುಮಾನ ಪಡಬಹುದು. ಆದರೆ ಇದನ್ನೇ ಪೂರ್ತಿ ನೆಚ್ಚಬೇಡಿ. ಖಾತೆ ವಶವಾದ ಮೇಲೆ ಅಲ್ಲಿಗೆ ಬರುವ ಸಂದೇಶಗಳನ್ನು ನೋಡಿ ಮೋಸಗಾರನೂ ಮಾಮಾ, ಕಾಕಾ ಎನ್ನಲು ಕಲಿಯುತ್ತಾನೆ. ಕೆಡದ ಪರೀಕ್ಷೆ ಒಂದೇ: ವಾಟ್ಸಾಪಿನಲ್ಲಿ ಉತ್ತರಿಸದೆ, ಮಾಮೂಲಿ ಫೋನ್ ಕರೆ ಮಾಡಿ ಆ ವ್ಯಕ್ತಿಯ ಧ್ವನಿ ಕೇಳುವುದು. ಅವನ ಸಿಮ್ ಅವನ ಬಳಿಯೇ ಇರುವುದರಿಂದ ಮಾಮೂಲಿ ಕರೆ ಅವನಿಗೇ ಹೋಗುತ್ತದೆ. ವಾಟ್ಸಾಪ್ ಕರೆ ಮಾಡಿದರೆ ಮೋಸಗಾರನಿಗೆ ಹೋಗುತ್ತದೆ.

ಇನ್ನು ಕೋಡ್ ಕೊಟ್ಟ ನಂತರದ ಮಾತು. ಗುರುಗಳ ಫೋನಿನಲ್ಲಿ ವಾಟ್ಸಾಪ್ ತೆರೆದರೆ, ಈ ನಂಬರ್ ಈಗ ಈ ಫೋನಿನಲ್ಲಿ ನೋಂದಣಿಯಾಗಿಲ್ಲ, ಬೇರೆ ಫೋನಿನಲ್ಲಿ ನೋಂದಾಯಿಸಿರಬಹುದು ಎಂಬ ಅರ್ಥದ ಸೂಚನೆ ಕಾಣಿಸುತ್ತದೆ. ಬಹಳ ಜನ ಇದನ್ನು ನೆಟ್‌ವರ್ಕ್ ತೊಂದರೆ ಎಂದುಕೊಂಡು ಫೋನ್ ಬಂದ್ ಮಾಡಿ ಚಾಲೂ ಮಾಡುತ್ತಾರೆ, ಸಂಜೆ ಮಗ ಬಂದ ಮೇಲೆ ತೋರಿಸಿದರಾಯಿತು ಎಂದು ಇಟ್ಟುಬಿಡುತ್ತಾರೆ. ಅಷ್ಟರಲ್ಲಿ ನಿವೃತ್ತ ಶಿಕ್ಷಕರ ಗುಂಪಿನಲ್ಲಿ ಅವರ ಹೆಸರಿನಲ್ಲಿ, ಮಗಳು ಆಸ್ಪತ್ರೆಯಲ್ಲಿದ್ದಾಳೆ, ಇಪ್ಪತ್ತು ಸಾವಿರ ಬೇಕಾಗಿತ್ತು, ನಾಳೆ ಕೊಡುತ್ತೇನೆ ಎಂಬ ಸಂದೇಶ ಹೋಗಿರುತ್ತದೆ.

ಮೋಸಗಾರನಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. ಹಳೆಯ ಸಂದೇಶಗಳು ನಿಮ್ಮ ಫೋನಿನಲ್ಲಿ ಮತ್ತು ನಿಮ್ಮ ಗೂಗಲ್ ಅಥವಾ ಆಪಲ್ ಖಾತೆಯ ಬ್ಯಾಕಪ್‌ನಲ್ಲಿ ಇರುತ್ತವೆ. ಕೇವಲ ಆರಂಕಿಯ ಕೋಡಿನಿಂದ ಅವು ಅವನಿಗೆ ಕಾಣುವುದಿಲ್ಲ. ಆದರೆ ನೀವು ಸದಸ್ಯರಾಗಿರುವ ಗುಂಪುಗಳು ಖಾತೆಯೊಂದಿಗೇ ಹೋಗುತ್ತವೆ. ಗುಂಪಿನ ಸದಸ್ಯರ ನಂಬರುಗಳು ಅವನಿಗೆ ಕಾಣುತ್ತವೆ, ಮುಂದೆ ಬರುವ ಸಂದೇಶಗಳು ಅವನಿಗೇ ತಲುಪುತ್ತವೆ. ಆದ್ದರಿಂದಲೇ ಅವನು ಗುಂಪುಗಳಲ್ಲಿ ಹಣ ಕೇಳುತ್ತಾನೆ, ಗುಂಪಿನವರಿಂದ ಮತ್ತೆ ಕೋಡ್ ಕೇಳುತ್ತಾನೆ. ಇನ್ನೂರು ಜನರ ಒಂದು ಗುಂಪು ಅವನಿಗೆ ಒಂದು ಖಾತೆಗಿಂತ ಹೆಚ್ಚು ಬೆಲೆಯದು.

ಈಗ ಮರಳಿ ಪಡೆಯುವ ಕ್ರಮ. ಮೊದಲ ಕೆಲಸ ಪೊಲೀಸ್ ಠಾಣೆಗೆ ಓಡುವುದಲ್ಲ, ಸ್ವಂತ ಫೋನಿನಲ್ಲಿ ವಾಟ್ಸಾಪನ್ನು ಮತ್ತೆ ನೋಂದಾಯಿಸುವುದು. ಆ್ಯಪನ್ನು ತೆಗೆದುಹಾಕಬೇಡಿ, ಬ್ಯಾಕಪ್ ಇಲ್ಲದವರು ಹಾಗೆ ಮಾಡಿದರೆ ಹಳೆಯ ಸಂದೇಶಗಳನ್ನೂ ಕಳೆದುಕೊಳ್ಳಬಹುದು. ಸೂಚನೆಯ ಪರದೆಯಲ್ಲಿಯೇ ಮುಂದುವರಿದು ನಿಮ್ಮ ನಂಬರನ್ನು ಬರೆದರೆ, ಹೊಸ ಆರಂಕಿಯ ಕೋಡ್ ನಿಮ್ಮ ಸಿಮ್‌ಗೇ ಬರುತ್ತದೆ. ಅದನ್ನು ತುಂಬಿದ ಕ್ಷಣದಲ್ಲಿ ಮೋಸಗಾರನ ಫೋನಿನಿಂದ ನಿಮ್ಮ ಖಾತೆ ಹೊರಬೀಳುತ್ತದೆ. ಎಲ್ಲವೂ ನೆಟ್ಟಗಿದ್ದರೆ ಇದು ಐದು ನಿಮಿಷದ ಕೆಲಸ.

ಎಲ್ಲವೂ ನೆಟ್ಟಗಿರದಿರುವುದೇ ಹೆಚ್ಚು. ಎರಡು ಕಡೆ ಜನ ಸಿಕ್ಕಿಬೀಳುತ್ತಾರೆ. ಒಂದು, ಕೋಡೇ ಬರುವುದಿಲ್ಲ. ಇಷ್ಟು ಹೊತ್ತು ಕಾಯಿರಿ ಎಂದು ಪರದೆಯಲ್ಲಿ ಗಡಿಯಾರ ಓಡುತ್ತಿರುತ್ತದೆ. ಬಹಳ ಸಲ ಕೋಡ್ ಕೇಳಿದರೆ ಅಥವಾ ತಪ್ಪು ಕೋಡ್ ತುಂಬಿದರೆ ವಾಟ್ಸಾಪ್ ಹೀಗೆ ತಡೆಹಿಡಿಯುತ್ತದೆ, ಕೆಲವೊಮ್ಮೆ ತಾಸುಗಟ್ಟಲೆ. ಆಗ ಊಹೆಯಿಂದ ಅಂಕಿಗಳನ್ನು ತುಂಬುತ್ತ ಹೋದರೆ ಅವಧಿ ಇನ್ನೂ ಬೆಳೆಯುತ್ತದೆ. ಗಡಿಯಾರ ಮುಗಿಯುವವರೆಗೆ ಕಾಯಿರಿ, ನಂತರ ಒಮ್ಮೆ ಮಾತ್ರ ಕೇಳಿ, ಎಸ್ಎಂಎಸ್ ಬಾರದಿದ್ದರೆ ಕರೆಯ ಮೂಲಕ ಕೋಡ್ ಪಡೆಯುವ ಆಯ್ಕೆಯನ್ನು ಒತ್ತಿ. ಹಲವು ಕೋಡ್‌ಗಳು ಬಂದಿದ್ದರೆ ಕೊನೆಯದಾಗಿ ಬಂದದ್ದನ್ನೇ ತುಂಬಿ.

ಎರಡನೆಯದು ಇನ್ನೂ ಕಠಿಣವಾದದ್ದು. ಎಸ್ಎಂಎಸ್ ಕೋಡನ್ನು ತುಂಬಿದ ಮೇಲೆ ಮತ್ತೊಂದು ಪರದೆ ಬಂದು, ಆರು ಅಂಕಿಗಳ ಪಿನ್ ಕೊಡಿ ಎನ್ನುತ್ತದೆ. ಇದು ಎಸ್ಎಂಎಸ್‌ನಲ್ಲಿ ಬರುವ ಕೋಡ್ ಅಲ್ಲ. ಎರಡು ಹಂತದ ಪರಿಶೀಲನೆ ಎಂಬ ವ್ಯವಸ್ಥೆಯ ಗುಪ್ತಸಂಖ್ಯೆ. ಖಾತೆಯ ಮಾಲೀಕರು ತಾವೇ ಇಟ್ಟುಕೊಳ್ಳಬೇಕಾದದ್ದು, ಅವರು ಇಟ್ಟುಕೊಂಡಿರದಿದ್ದರೆ ಮೋಸಗಾರನು ಒಳಹೊಕ್ಕವನೇ ತನ್ನದೊಂದನ್ನು ಇಟ್ಟಿರುತ್ತಾನೆ, ಮನೆ ಹೊಕ್ಕವನು ಒಳಗಿನಿಂದ ಚಿಲಕ ಹಾಕಿಕೊಂಡಂತೆ. ಕೋಡ್ ಮತ್ತು ಪಿನ್ ಎರಡಕ್ಕೂ ಆರೇ ಅಂಕಿ ಇರುವುದರಿಂದ ಗೊಂದಲ ಸಹಜ. ಈ ವ್ಯವಸ್ಥೆಯನ್ನು ರೂಪಿಸಿದವರು ಪಿನ್‌ಗೆ ಬೇರೆ ಉದ್ದವನ್ನು ಆರಿಸಿದ್ದರೆ ಎಷ್ಟೋ ಜನರ ತಲೆನೋವು ತಪ್ಪುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಬಂದ ಎಸ್ಎಂಎಸ್ ಕೋಡನ್ನೇ ಇಲ್ಲಿಯೂ ತುಂಬಿ, ತಪ್ಪು ಎಂದು ಬಂದಾಗ, ಎಲ್ಲ ಮುಗಿಯಿತು ಎಂದು ಕೈಚೆಲ್ಲಿ ಕುಳಿತವರು ಬಹಳ.

ಆದರೆ ಆ ಪರದೆಯಲ್ಲಿ ನಿಂತಿರುವಾಗ ಅರ್ಧ ಯುದ್ಧ ಗೆದ್ದಾಗಿರುತ್ತದೆ. ಪಿನ್ ಗೊತ್ತಿರಲಿ, ಬಿಡಲಿ, ಎಸ್ಎಂಎಸ್ ಕೋಡ್ ಸರಿಯಾಗಿ ತುಂಬಿದ ಕೂಡಲೇ ಮೋಸಗಾರ ಹೊರಬಿದ್ದಿರುತ್ತಾನೆ. ಪಿನ್ ತಿಳಿಯದವರು 7 ದಿನ ಕಾಯಬೇಕು. ಅದಾದ ಮೇಲೆ ಆ ಪಿನ್ ಇಲ್ಲದೆಯೇ ಖಾತೆ ತೆರೆಯುತ್ತದೆ. ಈ ಏಳು ದಿನ ನಿಮಗೂ ವಾಟ್ಸಾಪ್ ಇರುವುದಿಲ್ಲ, ಅವನಿಗೂ ಇರುವುದಿಲ್ಲ. ಅವನು ಮತ್ತೆ ಒಳಬರಬೇಕಾದರೆ ನಿಮ್ಮ ಸಿಮ್‌ಗೆ ಬರುವ ಹೊಸ ಕೋಡ್ ಅವನಿಗೆ ಬೇಕು. ಅದಕ್ಕಾಗಿ ಆ ವಾರದಲ್ಲಿ ಬೇರೆ ವೇಷದಲ್ಲಿ ಕರೆ ಮಾಡುತ್ತಾನೆ: ವಾಟ್ಸಾಪ್ ಕಚೇರಿಯಿಂದ, ಸೈಬರ್ ವಿಭಾಗದಿಂದ, ನಿಮ್ಮ ಖಾತೆ ಬಿಡಿಸಿಕೊಡುತ್ತೇವೆ, ಈಗ ಬಂದ ಕೋಡ್ ಹೇಳಿ. ಒಮ್ಮೆ ಮೋಸ ಹೋದವರೇ ಎರಡನೆಯ ಸಲವೂ ಕೊಡುವುದು ಇಲ್ಲಿಯೇ. ಹಾಗೆ ಖಾತೆ ಬಿಡಿಸಿಕೊಡುವ ಯಾವ ಕಚೇರಿಯೂ ಕೋಡ್ ಕೇಳುವುದಿಲ್ಲ.

ಸಿಮ್ ನಿಮ್ಮ ಬಳಿ ಇದೆ ಎಂಬ ನಂಬಿಕೆಯ ಮೇಲೆ ಇದೆಲ್ಲ ನಿಂತಿದೆ. ನಮ್ಮ ಹಳ್ಳಿಗಳಲ್ಲಿ ಒಂದು ಅಡಚಣೆಯುಂಟು: ವಾಟ್ಸಾಪ್ ಹಳೆಯ ನಂಬರಿನಲ್ಲಿ ನಡೆಯುತ್ತಿರುತ್ತದೆ, ಆ ಸಿಮ್ ರೀಚಾರ್ಜ್ ಇಲ್ಲದೆ ಎಂದೋ ನಿಂತಿರುತ್ತದೆ, ಇಂಟರ್‌ನೆಟ್ ಮಾತ್ರ ಬೇರೆ ಸಿಮ್‌ನದು. ಖಾತೆ ಕೈತಪ್ಪುವವರೆಗೆ ಇದರಿಂದ ತೊಂದರೆ ಕಾಣುವುದಿಲ್ಲ. ತಪ್ಪಿದ ದಿನ ಕೋಡ್ ಬರಲು ದಾರಿಯೇ ಇರುವುದಿಲ್ಲ. ಸ್ಥಗಿತವಾದ ನಂಬರನ್ನು ಕಂಪನಿ 90 ದಿನಗಳ ತರುವಾಯ ಬೇರೆಯವರಿಗೆ ಕೊಡಬಹುದು, ಆಗ ಆ ಹೊಸಬರಿಗೇ ಕೋಡ್ ಹೋಗುತ್ತದೆ. ಅಂಥವರು ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ನಂಬರ್ ಬದಲಿಸುವ ಆಯ್ಕೆಯನ್ನು ಬಳಸಿ ಈಗಲೇ ಚಾಲ್ತಿಯಲ್ಲಿರುವ ನಂಬರಿಗೆ ಬರುವುದು ಒಳ್ಳೆಯದು. ಕಳೆದ ಸಿಮ್‌ಗೆ ಬದಲಿ ಸಿಮ್ ಪಡೆದವರಿಗೆ ಸಾಮಾನ್ಯವಾಗಿ ಮೊದಲ 24 ಗಂಟೆ ಎಸ್ಎಂಎಸ್ ಬರುವುದಿಲ್ಲ. ಅದು ಸುರಕ್ಷತೆಗಾಗಿ ಇಟ್ಟ ತಡೆ, ಸಿಮ್ ಕೆಟ್ಟಿದೆ ಎಂದು ತಿಳಿಯಬೇಡಿ.

ಕೋಡ್ ಕೇಳದೆಯೇ ಕೋಡ್ ಪಡೆಯುವ ದಾರಿಯೂ ಒಂದಿದೆ. ಕೊರಿಯರ್‌ನವನೆಂದು ಕರೆ ಮಾಡಿ, ನಿಮ್ಮ ಪಾರ್ಸೆಲ್ ಬಂದಿದೆ, ಹುಡುಗನ ಜೊತೆ ಮಾತನಾಡಲು `*21*` ಅಥವಾ `*401*` ಒತ್ತಿ ಈ ನಂಬರ್ ಸೇರಿಸಿ ಡಯಲ್ ಮಾಡಿ ಎನ್ನುತ್ತಾರೆ. ಅದು ನಿಮಗೆ ಬರುವ ಕರೆಗಳೆಲ್ಲವನ್ನೂ ಆ ನಂಬರಿಗೆ ತಿರುಗಿಸುವ ಆದೇಶ. ಆಮೇಲೆ ಮೋಸಗಾರ ವಾಟ್ಸಾಪ್ ಕೋಡನ್ನು ಕರೆಯ ಮೂಲಕ ಕೇಳುತ್ತಾನೆ, ಆ ಕರೆ ಅವನಿಗೇ ಹೋಗುತ್ತದೆ. ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಇಂಥ ಕಾಲ್ ಫಾರ್ವರ್ಡಿಂಗ್ ಸೇವೆಯನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಸೂಚಿಸಿತ್ತು. ಆದರೂ ಇಂಥ ಕರೆಗಳು ನಿಂತಿಲ್ಲ. ಕರೆಗಳು ಬಾರದೆ ಇದ್ದಾಗ, ಅಥವಾ ಹೀಗೆ ಏನನ್ನಾದರೂ ಡಯಲ್ ಮಾಡಿದ್ದು ನೆನಪಾದಾಗ, `##002#` ಒತ್ತಿ ಕರೆ ಮಾಡಿದರೆ ತಿರುಗಿಸಿದ ಕರೆಗಳೆಲ್ಲ ರದ್ದಾಗುತ್ತವೆ. ಖಾತೆ ಮರಳಿ ಪಡೆಯಲು ಹೊರಡುವ ಮುನ್ನ ಇದನ್ನು ಒಮ್ಮೆ ಒತ್ತಿ ಮುಂದುವರಿಯುವುದರಿಂದ ನಷ್ಟವೇನಿಲ್ಲ.

ಮತ್ತೊಂದು ಬಗೆಯಲ್ಲಿ ನಿಮ್ಮ ಫೋನಿನಿಂದ ವಾಟ್ಸಾಪ್ ಹೊರಬೀಳುವುದೇ ಇಲ್ಲ, ಆದ್ದರಿಂದ ತಿಳಿಯುವುದೂ ತಡ. ಇಲ್ಲಿ ನಿಮ್ಮಿಂದ ಕೋಡ್ ಕೇಳುವುದಿಲ್ಲ, ನಿಮಗೇ ಎಂಟು ಅಕ್ಷರ ಮತ್ತು ಅಂಕಿಗಳ ಒಂದು ಕೋಡ್ ಕೊಟ್ಟು, ಮತ ಹಾಕಲು ಅಥವಾ ಫೋಟೋ ನೋಡಲು ಇದನ್ನು ವಾಟ್ಸಾಪಿನಲ್ಲಿ ತುಂಬಿ ಎನ್ನುತ್ತಾರೆ. ತುಂಬಿದರೆ ಅವರ ಕಂಪ್ಯೂಟರ್ ನಿಮ್ಮ ಖಾತೆಗೆ ಜೋಡಣೆಯಾಗುತ್ತದೆ, ಈ ಸಲ ಇತ್ತೀಚಿನ ಹಳೆಯ ಸಂದೇಶಗಳೂ ಅವರಿಗೆ ಕಾಣುತ್ತವೆ. ವಾಟ್ಸಾಪಿನ ಮೆನುವಿನಲ್ಲಿ ಲಿಂಕ್ಡ್ ಡಿವೈಸಸ್ ಎಂಬುದನ್ನು ತೆರೆದರೆ ಜೋಡಣೆಯಾದ ಸಾಧನಗಳ ಪಟ್ಟಿ ಇರುತ್ತದೆ. ನಿಮ್ಮದಲ್ಲದ್ದನ್ನು ಒತ್ತಿ ಲಾಗ್ ಔಟ್ ಮಾಡಬಹುದು. ಖಾತೆ ಮರಳಿ ಬಂದ ಮೇಲೂ ಇದನ್ನು ತೆರೆದು ನೋಡಲೇಬೇಕು.

ಖಾತೆ ಬಂದಿತು ಎಂದ ಮಾತ್ರಕ್ಕೆ ಗುರುಗಳ ಕೆಲಸ ಮುಗಿಯಲಿಲ್ಲ. ಮೋಸಗಾರನು ಅವರ ಹೆಸರಿನಲ್ಲಿ ಕಳುಹಿಸಿದ ಸಂದೇಶಗಳು ಅವನ ಫೋನಿನಲ್ಲಿ ಉಳಿದಿರುತ್ತವೆ, ಗುರುಗಳ ಫೋನಿಗೆ ಬರುವುದಿಲ್ಲ. ಯಾರ ಬಳಿ ಹಣ ಕೇಳಿದ್ದಾನೆ, ಯಾರ ಬಳಿ ಕೋಡ್ ಕೇಳಿದ್ದಾನೆ ಎಂಬುದು ಅವರ ಪರದೆಯಲ್ಲಿ ಕಾಣದು. ಆದ್ದರಿಂದ ಹತ್ತಿರದವರಿಗೆ ಫೋನ್ ಮಾಡಿಯೇ ಕೇಳಬೇಕು. ಈ ಹೊತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಉಪಕಾರ ಮಾಡಬಲ್ಲವರು ಗುಂಪಿನ ಅಡ್ಮಿನ್. ಅನುಮಾನದ ಸಂದೇಶ ಕಂಡ ಕೂಡಲೇ ಆ ನಂಬರನ್ನು ಗುಂಪಿನಿಂದ ತೆಗೆದುಹಾಕಿದರೆ ಮೋಸಗಾರನಿಗೆ ಗುಂಪಿನ ದಾರಿ ಮುಚ್ಚುತ್ತದೆ; ಹಿರಿಯರನ್ನು ತೆಗೆದರೆ ಬೇಸರವಾದೀತು ಎಂದು ಸಂಕೋಚ ಪಡುವುದು ಬೇಡ, ನಂತರ ಸೇರಿಸಿಕೊಳ್ಳಬಹುದು. ಗುರುಗಳೇ ಅಡ್ಮಿನ್ ಆಗಿದ್ದರೆ, ಆ ಅವಧಿಯಲ್ಲಿ ಯಾವುದಾದರೂ ಅಪರಿಚಿತ ನಂಬರ್ ಗುಂಪಿಗೆ ಸೇರಿದೆಯೇ, ಅಡ್ಮಿನ್ ಆಗಿದೆಯೇ ಎಂದು ನೋಡಬೇಕು, ಗುಂಪಿಗೆ ಸೇರುವ ಲಿಂಕನ್ನು ರೀಸೆಟ್ ಮಾಡಬೇಕು. ಇದನ್ನು ಬಿಟ್ಟವರ ಗುಂಪಿನಲ್ಲಿ ಅವನು ಬೇರೆ ನಂಬರಿನಿಂದ ಕುಳಿತೇ ಇರುತ್ತಾನೆ.

ಯಾರಾದರೂ ಹಣ ಕಳುಹಿಸಿಬಿಟ್ಟಿದ್ದರೆ, ಅವರೇ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಯಾರ ಖಾತೆಯಿಂದ ಹಣ ಹೋಯಿತೋ ಅವರ ಬ್ಯಾಂಕ್ ವಿವರ, ಹೋದ ಮೊತ್ತ, ಸಮಯ ಮತ್ತು ಯುಪಿಐ ವ್ಯವಹಾರದ 12 ಅಂಕಿಗಳ ಯುಟಿಆರ್ ಸಂಖ್ಯೆ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ಆ ಸಂಖ್ಯೆ ನೀವು ಹಣ ಕಳುಹಿಸಿದ ಆ್ಯಪಿನ ವ್ಯವಹಾರದ ವಿವರದಲ್ಲಿ ಸಿಗುತ್ತದೆ. ಹಣ ಮೋಸಗಾರನ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆಹಿಡಿಯುವುದೇ ಈ ಕರೆಯ ಉದ್ದೇಶ, ಹಾಗಾಗಿ ಸಂಜೆ ಮಾಡಿದ ಕರೆಗೂ ಕೂಡಲೇ ಮಾಡಿದ ಕರೆಗೂ ಬಹಳ ವ್ಯತ್ಯಾಸ. ಲಿಖಿತ ದೂರನ್ನು `cybercrime.gov.in` ತಾಣದಲ್ಲಿ ಅಥವಾ ಜಿಲ್ಲೆಯಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಯಲ್ಲಿ ಕೊಡಬಹುದು. ಬೇರೆಯವರ ಗುರುತನ್ನು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, ವೇಷ ಮರೆಸಿ ವಂಚಿಸುವುದು 66ಡಿ ಕಲಮಿನಡಿ ಬರುತ್ತದೆ. ಎರಡಕ್ಕೂ 3 ವರ್ಷದವರೆಗೆ ಸೆರೆವಾಸವಿದೆ. ಅಳಿಸಿಹೋಗುವ ಮೊದಲು ಹಣ ಕೇಳಿದ ಸಂದೇಶದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲು ಗುಂಪಿನವರಿಗೆ ಹೇಳಿ.

ಎರಡು ಹಂತದ ಪಿನ್ ಬಗ್ಗೆ ಹೇಳಿದೆನಲ್ಲ, ಅದನ್ನು ಈಗಲೇ ನೀವೇ ಇಟ್ಟುಕೊಂಡರೆ ಮೋಸಗಾರನಿಗೆ ಇಡಲು ಜಾಗವಿರುವುದಿಲ್ಲ. ಸೆಟ್ಟಿಂಗ್ಸ್, ಅಕೌಂಟ್, ಟೂ-ಸ್ಟೆಪ್ ವೆರಿಫಿಕೇಶನ್, ಈ ಮೂರನ್ನು ಕ್ರಮವಾಗಿ ತೆರೆಯಬೇಕು. ಪಿನ್ ಜೊತೆಗೆ ಒಂದು ಇಮೇಲ್ ಕೊಡಲು ಕೇಳುತ್ತದೆ. ಮರೆತಾಗ ಅದರಿಂದ ಬದಲಿಸಬಹುದು, ಆದ್ದರಿಂದ ನಿಮಗೆ ತೆರೆಯಲು ಬರುವ ಇಮೇಲನ್ನೇ ಕೊಡಿ, ಮೊಬೈಲ್ ಅಂಗಡಿಯವರು ಮಾಡಿಕೊಟ್ಟು ಯಾರಿಗೂ ನೆನಪಿಲ್ಲದ್ದನ್ನಲ್ಲ. ಯುಪಿಐ ಪಿನ್ ಆರಂಕಿಯದಾಗಿದ್ದರೆ ಅದನ್ನೇ ಇಲ್ಲಿಯೂ ಇಡಬೇಡಿ. ಮಧ್ಯೆ ಮಧ್ಯೆ ವಾಟ್ಸಾಪ್ ಆ್ಯಪೇ ನಿಮ್ಮ ಪಿನ್ ಕೇಳುತ್ತದೆ, ಮರೆಯದಿರಲೆಂದು. ಆ್ಯಪಿನೊಳಗೆ ತುಂಬುವುದು ಸರಿ, ಯಾರಿಗಾದರೂ ಹೇಳುವುದು ತಪ್ಪು.

ಉಪನ್ಯಾಸ ಮುಗಿದ ಮೇಲೆ ಒಬ್ಬ ತಾಯಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುವುದು ಯೋಗ್ಯ. "ಸರ, ನಾನೂ ಮೊನ್ನಿ ಕೋಡ್ ಕೊಟ್ಟಿನ್ರಿ, ಆದ್ರ ನನ್ನ ವಾಟ್ಸಾಪ್ ಬರೋಬರಿ ನಡದದಲ್ರಿ?" ಎಂದರು. ಅದಕ್ಕೆ ಹಲವು ಕಾರಣಗಳಿರಬಹುದು. ಅವರ ಮಗ ಮೊದಲೇ ಪಿನ್ ಇಟ್ಟಿದ್ದರೆ ಮೋಸಗಾರ ಎರಡನೆಯ ಪರದೆಯಲ್ಲಿ ನಿಂತುಬಿಟ್ಟಿರಬಹುದು, ಆದರೆ ಆಗ ಅವರ ಫೋನಿನಲ್ಲಿ ವಾಟ್ಸಾಪ್ ಒಮ್ಮೆ ಹೊರಬಿದ್ದಿರಬೇಕಿತ್ತು. ಕೋಡ್ ತಲುಪುವುದರೊಳಗೆ ಅದರ ಅವಧಿ ಮುಗಿದಿರಬಹುದು. ಇವೆರಡೂ ಅಲ್ಲದಿದ್ದರೆ, ಆ ಕೋಡ್ ವಾಟ್ಸಾಪ್‌ನದೇ ಆಗಿರಲಿಲ್ಲ ಎಂಬುದು ಹೆಚ್ಚು ಸಂಭವ. ಇನ್‌ಸ್ಟಾಗ್ರಾಂ, ಗೂಗಲ್ ಮುಂತಾದವೂ ಆರಂಕಿಯ ಕೋಡನ್ನೇ ಕಳುಹಿಸುತ್ತವೆ. ಆ ಎಸ್ಎಂಎಸ್ ಇನ್ನೂ ಮೊಬೈಲಿನಲ್ಲಿತ್ತು. ತೆರೆದು ನೋಡಿದಾಗ ಅಂಕಿಗಳ ಪಕ್ಕದಲ್ಲಿ ಇನ್‌ಸ್ಟಾಗ್ರಾಂ ಎಂದಿತ್ತು. ಆ ಖಾತೆ ಅವರ ನಂಬರಿನಲ್ಲಿ ಮಗಳು ತೆರೆದದ್ದು. ಮಗಳಿಗೆ ಅಲ್ಲಿಂದಲೇ ಫೋನ್ ಮಾಡಿ, ಪಾಸ್‌ವರ್ಡ್ ಬದಲಿಸಿ ಬೇರೆ ಸಾಧನಗಳನ್ನೆಲ್ಲ ಲಾಗ್ ಔಟ್ ಮಾಡುವಂತೆ ಹೇಳಿಸಿದೆವು.